ಪ್ರಶ್ನೆಯ ಕೊನೆಯ ಪದ

ಕನ್ನಡದ ಪ್ರಶ್ನೆಯಲ್ಲಿ ಕ್ರಿಯಾಪದ ಬರುವುದು ಕೊನೆಗೆ. 'ಕಿಂಡಿ ಅಣೆಕಟ್ಟಿನ ಪ್ರಯೋಜನವನ್ನು ಪರಿಶೀಲಿಸಿ' ಎಂದಿದ್ದರೆ ಮೊದಲು ಕಣ್ಣಿಗೆ ಬೀಳುವುದು ಕಿಂಡಿ ಅಣೆಕಟ್ಟು. ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಮಕ್ಕಳಿಗೆ ಅದು ಕಂಡು ಗೊತ್ತಿರುವ ವಸ್ತು. ಪೆನ್ನು ಅಲ್ಲಿಂದಲೇ ಓಡತೊಡಗುತ್ತದೆ. ಕೊನೆಯ ಪದದವರೆಗೆ ಕಣ್ಣು ಹೋಗುವುದೇ ಇಲ್ಲ. ಫಲಿತಾಂಶ ಬಂದ ಮೇಲೆ 'ಎಲ್ಲಾ ಬರ್ದಿದ್ದೆ, ಮಾರ್ಕ್ ಮಾತ್ರ ಇಲ್ಲ' ಎಂಬ ದೂರು. ಬರೆದದ್ದು ತಪ್ಪಲ್ಲ, ಕೇಳಿದ್ದು ಅದಲ್ಲ.

ಶಾಲೆಯಲ್ಲಿ 'ವಿವರಿಸಿ', 'ಕಾರಣ ಕೊಡಿ' ಎಂಬ ಪದಗಳದೇ ರೂಢಿ. ಮುಂದೆ ಪದವಿ ತರಗತಿಗೆ ಹೋದಾಗ, ಕೆ.ಎ.ಎಸ್. ಪರೀಕ್ಷೆಗೆ ಕುಳಿತಾಗ ಎಕ್ಸಾಮಿನ್, ಅಸೆಸ್, ಟು ವಾಟ್ ಎಕ್ಸ್‌ಟೆಂಟ್ ಎಂಬ ಪದಗಳು ಎದುರಾಗುತ್ತವೆ. ಕನ್ನಡದಲ್ಲಿ ಪರಿಶೀಲಿಸಿ, ಮೌಲ್ಯಮಾಪನ ಮಾಡಿ, ಎಷ್ಟರ ಮಟ್ಟಿಗೆ. ಮೂರಕ್ಕೂ ಒಂದೇ ಉತ್ತರ ಬರೆದವರು ಎಡವುತ್ತಾರೆ. ಕಿಂಡಿ ಅಣೆಕಟ್ಟನ್ನೇ ಹಿಡಿದು ನೋಡಬಹುದು.

'ಪರಿಶೀಲಿಸಿ' ಎಂದರೆ ವಿಷಯವನ್ನು ಬಿಡಿಸಿ ಒಳಗಿನ ಕೆಲಸ ತೋರಿಸಬೇಕು. ಬೇಸಗೆಯಲ್ಲಿ ಹೊಳೆಯ ಹರಿವು ತಗ್ಗುತ್ತದೆ. ಭರತದ ವೇಳೆ ಸಮುದ್ರದ ಉಪ್ಪುನೀರು ಮೇಲಕ್ಕೆ ನುಗ್ಗುತ್ತದೆ. ಮಳೆಗಾಲ ಕಳೆದ ಮೇಲೆ ಕಂಬಗಳ ನಡುವಿನ ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ, ನಡುವೆ ಮಣ್ಣು ತುಂಬುತ್ತಾರೆ. ಮೇಲೆ ಸಿಹಿನೀರು ನಿಲ್ಲುತ್ತದೆ, ಉಪ್ಪುನೀರು ಕೆಳಗೇ ಉಳಿಯುತ್ತದೆ. ಹಲಗೆ ಕುಂಬಾದರೆ, ಮಣ್ಣು ತೊಳೆದುಹೋದರೆ ನೀರು ಸೋರುತ್ತದೆ. ಹೇಗೆ, ಏಕೆ, ಎಲ್ಲಿ ದುರ್ಬಲ ಎಂಬುದು ಬಂದರೆ ಪರಿಶೀಲನೆಯಾಯಿತು.

'ಮೌಲ್ಯಮಾಪನ ಮಾಡಿ' ಎಂದಾಗ ತಕ್ಕಡಿ ಹಿಡಿಯಬೇಕು. ಒಂದು ತಟ್ಟೆಯಲ್ಲಿ ಹಿಂಗಾರಿನ ಬೆಳೆಗೆ ನೀರು, ಸುತ್ತಲಿನ ಬಾವಿಗಳಿಗೆ ಒರತೆ. ಇನ್ನೊಂದರಲ್ಲಿ ವರ್ಷವರ್ಷದ ಹಲಗೆಯ ಖರ್ಚು, ಮೀನಿನ ಓಡಾಟಕ್ಕೆ ತಡೆ, ಹಲಗೆ ತೆಗೆಯಲು ತಡವಾದರೆ ಗದ್ದೆಗೆ ನುಗ್ಗುವ ಮೊದಲ ಮಳೆಯ ನೆರೆ. ಎರಡೂ ಪಟ್ಟಿ ಬರೆದು ನಿಲ್ಲಿಸಿದರೆ ಉತ್ತರ ಅರ್ಧವೇ. ಯಾವ ತಟ್ಟೆ ಭಾರ, ಏಕೆ ಎಂಬ ತೀರ್ಪು ಬೇಕು.

'ಉಪ್ಪುನೀರಿನ ತೊಂದರೆಗೆ ಕಿಂಡಿ ಅಣೆಕಟ್ಟು ಎಷ್ಟರ ಮಟ್ಟಿಗೆ ಪರಿಹಾರ?' ಎಂಬ ಪ್ರಶ್ನೆ ಬೇರೆ. 'ಇದು ಪರಿಹಾರ' ಎಂಬ ಮಾತನ್ನು ಪ್ರಶ್ನೆಯೇ ಮುಂದಿಟ್ಟಿದೆ. ಅದು ಎಲ್ಲಿಯವರೆಗೆ ನಿಜ ಎಂದು ಗಡಿ ಹಾಕಬೇಕು. ಹೌದು ಅಥವಾ ಅಲ್ಲ ಎಂದರೆ ಸಾಲದು. ಅಣೆಕಟ್ಟಿನ ಮೇಲ್ಭಾಗದಲ್ಲಿ ಬಹುಮಟ್ಟಿಗೆ ನಿಜ, ಆದರೆ ಹಲಗೆ ಸಕಾಲದಲ್ಲಿ ಬಿದ್ದರೆ ಮಾತ್ರ. ಉಪ್ಪುನೀರು ಮೇಲೇರಿದ ಮೇಲೆ ಹಲಗೆ ಹಾಕಿದರೆ ಅದೇ ನೀರು ಒಳಗೆ ಸಿಕ್ಕಿಬೀಳುತ್ತದೆ. ಇನ್ನು ಅಣೆಕಟ್ಟಿನಿಂದ ಕೆಳಗೆ, ಅಳಿವೆಯ ಕಡೆಗಿರುವ ಗದ್ದೆ ಬಾವಿಗಳಿಗೆ ಅದು ಪರಿಹಾರವಲ್ಲ. ಇಂಥ 'ಆದರೆ', 'ಮಾತ್ರ'ಗಳಿಗೇ ಇಲ್ಲಿ ಅಂಕ.

ಬರೆದದ್ದು ಸರಿಯೇ ಎಂದು ತಿಳಿಯಲು ಉತ್ತರದ ಕೊನೆಯ ವಾಕ್ಯವನ್ನು ಪ್ರಶ್ನೆಯ ಪಕ್ಕಕ್ಕಿಟ್ಟು ಓದಬೇಕು. ಮೌಲ್ಯಮಾಪನ ಕೇಳಿದಲ್ಲಿ ತೀರ್ಪಿಲ್ಲದಿದ್ದರೆ, 'ಎಷ್ಟರ ಮಟ್ಟಿಗೆ' ಎಂದಲ್ಲಿ ಗಡಿಯಿಲ್ಲದಿದ್ದರೆ, ಇನ್ನೂ ಒಂದು ವಾಕ್ಯ ಬರೆಯುವುದು ಬಾಕಿಯಿದೆ ಎಂದೇ ಅರ್ಥ.