ಅದೇ ಆನೆ, ಬೇರೆ ನಡೆ

ಅಭ್ಯಾಸ ಬೋಧನೆಯ ಬಿಡುವಿನ ಅವಧಿಯೊಂದರಲ್ಲಿ ಎಂಟನೇ ತರಗತಿಗೆ ಚೀನಾದ ಚದುರಂಗ ಶಿಯಾಂಗ್‌ಚಿ ಹೇಳಿಕೊಟ್ಟೆ. ಅದರಲ್ಲಿ ಕಾಯಿಗಳು ನಿಲ್ಲುವುದು ಗೆರೆಗಳು ಕೂಡುವ ಬಿಂದುಗಳ ಮೇಲೆ. ‘ಇದು ಆನೆ’ ಎಂದೊಡನೆ ಮಕ್ಕಳು ಅದನ್ನು ನೇರವಾಗಿ ಓಡಿಸಿದರು. ನಮ್ಮ ಚದುರಂಗದ ಆನೆ ಹಾಗೆಯೇ ತಾನೇ ನಡೆಯುವುದು! ಮೊದಲೇ ಎಚ್ಚರಿಸದ ತಪ್ಪು ನನ್ನದು. ಇಲ್ಲಿ ಆನೆ ಓರೆಯಾಗಿ ಎರಡೇ ಬಿಂದು ಹೋಗುತ್ತದೆ. ಮಧ್ಯದ ಬಿಂದುವಿನಲ್ಲಿ ಯಾರ ಕಾಯಿ ಇದ್ದರೂ ಆ ದಾರಿ ಬಂದ್. ಹಲಗೆಯ ನಡುವಿನ ನದಿಯನ್ನು ಅದು ದಾಟುವಂತಿಲ್ಲ.

ನಮ್ಮ ಆನೆಯಂತೆ ನೇರ ಹೋಗುವ ಕಾಯಿಗಳಲ್ಲಿ ಫಿರಂಗಿಯೂ ಒಂದು. ಆದರೆ ಹೊಡೆಯಬೇಕಾದರೆ ನಡುವೆ ಒಂದೇ ಒಂದು ಕಾಯಿ ಇರಬೇಕು. ಅದು ಯಾರದಾದರೂ ಸರಿ. ಒಬ್ಬ ಹುಡುಗಿ ಮೊದಲ ನಡೆಯಲ್ಲೇ ಎದುರಾಳಿಯ ಫಿರಂಗಿಯನ್ನು ಹಾರಿ, ಅದರ ಹಿಂದಿದ್ದ ಕುದುರೆಯನ್ನು ಹೊಡೆದಳು. ‘ತಪ್ಪು’ ಎಂದುಬಿಟ್ಟೆ. ‘ನಡುವೆ ಒಂದೇ ಇದೆಯಲ್ಲ ಸರ್?’ ಎಂದಳು. ಅವಳೇ ಸರಿ. ಮರುನಡೆಯಲ್ಲಿ ಪಕ್ಕದ ರಥ ಅವಳ ಫಿರಂಗಿಯನ್ನು ಹೊಡೆಯಿತು. ಆ ನಡೆ ಜಾಣತನದ್ದಲ್ಲ, ಆದರೆ ನಿಯಮಬದ್ಧ. ಆ ಎರಡನ್ನೂ ನಾನು ಒಂದು ಮಾಡಿದ್ದೆ.

ಮರುದಿನದ ಪಾಠಯೋಜನೆಯಲ್ಲಿ ಫಿರಂಗಿಗೆ ಒಂದೇ ಪ್ರಶ್ನೆ ಬರೆದುಕೊಂಡೆ: ‘ನಡುವೆ ಎಷ್ಟು ಕಾಯಿ?’ ಸೊನ್ನೆಯಾದರೆ ಖಾಲಿ ಬಿಂದುವಿಗೆ ನಡೆ, ಒಂದಾದರೆ ಹೊಡೆತ, ಎರಡಾದರೆ ಏನೂ ಇಲ್ಲ.