ಟಪ್ ಅಂದ್ರೆ ಒಂದು, ಟಪಟಪ ಅಂದ್ರೆ ಬೋ ಜಾಸ್ತಿ

ನಮ್ಮ ಸೊಸೆ ಪುಂಗನೂರು ಕಡೆಯವಳು. ಮುಳಬಾಗಿಲಲ್ಲಿ ನಮ್ಮನೆ ಅಡಿಗೆಮನೇಲಿ ತೆಲುಗು, ಜಗಲೀಲಿ ಕನ್ನಡ. ಮೊಮ್ಮಗ ಎರಡನ್ನೂ ಕಲಸ್ಕೊಂಡು ಆರಾಮಾಗಿದ್ದ. ನಾಲ್ಕು ತುಂಬ್ತು ಅಂತ ಶಾಲೆಗೆ ಹಾಕಿದ್ವಿ ನೋಡಿ, ಬಾಯಿಗೆ ಬೀಗ ಬಿತ್ತು. ಎರಡು ತಿಂಗಳು ಒಂದು ಮಾತಿಲ್ಲ. "ಮಗುಗೆ ಮಾತು ಬರುತ್ತಾಮ್ಮಾ?" ಅಂತ ಕೇಳಿದ್ರು ಅಲ್ಲಿಯವರು. ಸೊಸೆ ಅವತ್ತು ಊಟ ಮಾಡ್ಲಿಲ್ಲ. ಇನ್ಮೇಲೆ ಮಗನ ಹತ್ರ ತೆಲುಗು ಮಾತಾಡಲ್ಲ ಅಂತ ಹಟ ಹಿಡಿದ್ಲು. ನನಗೆ ಅದು ಸರಿ ಕಾಣ್ಲಿಲ್ಲ. ತಾಯಿ ಬಾಯಿ ಮುಚ್ಚಿಸಿ ಮಗೂ ಬಾಯಿ ತೆರೆಸೋದೇ?

ಅವನು ಆಟ ಆಡೋವಾಗ ಗಮನಿಸ್ತಾ ಕೂತೆ. ಗೋಲಿ ಬಿದ್ರೆ ಅಮ್ಮನಿಗೆ "ಟಪ್ ಅನಿ ಪಡಿಂದಿ" ಅಂತಾನೆ, ನನಗೆ "ಟಪ್ ಅಂತ ಬಿತ್ತು" ಅಂತಾನೆ. ಬಿದ್ದಿದ್ದು ಎರಡು ಭಾಷೇಲಿ, ಟಪ್ ಮಾತ್ರ ಒಂದೇ! ಹಂಗಾದ್ರೆ ಟಪ್‌ನಿಂದಲೇ ಶುರು ಮಾಡೋಣ ಅಂತ ಒಂದು ಪದ್ಯ ಕಟ್ಟಕ್ಕೆ ಕೂತೆ.

ಮೊದಲನೇ ಸಲ ಕಟ್ಟಿದ್ದು ಕೆಟ್ಟೋಯ್ತು. ಜುಳುಜುಳು, ಗರಗರ, ಸರಸರ ಅಂತ ಚೆಂದವಾಗಿ ಬರೆದಿದ್ದೆ. ಅವನು "ಗಯಗಯ" ಅಂದು ಎದ್ದು ಹೋದ. ತಪ್ಪು ನಂದೇ. ಈ ವಯಸ್ಸಿಗೆ ರ, ಳ, ಸ ನಾಲಿಗೇಲಿ ಸರಿಯಾಗಿ ಕೂರಲ್ಲ. ತುಟಿ ಸೇರಿಸಿ ಅನ್ನೋ ಪ, ಬ, ಮ ಮೊದಲು ಬರ್ತವೆ, ಆಮೇಲೆ ತ, ದ, ಟ, ಡ. ಧಗಧಗ ಅನ್ನೋ ಮಹಾಪ್ರಾಣ ನಮ್ಮ ಕಡೆ ದೊಡ್ಡೋರ ಬಾಯಲ್ಲೇ ದಗದಗ. ಥಳಥಳ, ಮಿಣಮಿಣವನ್ನೂ ಬಿಟ್ಟೆ. ಅವು ಕಣ್ಣಿಗೆ ಕಾಣೋವು, ಕಿವಿಗೆ ಏನೂ ಕೇಳ್ಸಲ್ಲ. ಪ್ರಾಸದಲ್ಲೂ ಎಡವಿದ್ದೆ. ನಮ್ಮ ಹಳೇ ಪದ್ಯಗಳ ಆದಿಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿ ಕೂರುತ್ತೆ, ಮಕ್ಕಳಿಗೆ ಅದು ಹಿಡಿಯಲ್ಲ. ಅವರು ಹಿಡಿಯೋದು ಮೊದಲಕ್ಷರಾನ. ಟಪ ಅಂದಮೇಲೆ ಟೊಮೇಟೊ ಬರ್ಬೇಕು.

ಆಮೇಲೆ ಸದ್ದು ಕೇಳಕ್ಕೇ ಹೊರಟ್ವಿ. ಟೊಮೇಟೊ ಕುಯ್ಯೋ ಕಡೆ ಕರ್ಕೊಂಡೋದೆ. ಕೋಲಾರದ ಮಂಡಿಗೆ ಹೋಗೋ ಹದಿನೈದು ಕೇಜಿ ಬಾಕ್ಸು ಖಾಲಿ ಇದ್ದಾಗ ಹಣ್ಣು ಡಬ್ ಅನ್ನುತ್ತೆ, ಅರ್ಧ ತುಂಬಿದ ಮೇಲೆ ಟಪ್. ಶ್ರೀನಿವಾಸಪುರದ ಹತ್ರ ನಮ್ಮ ತಂಗಿ ಮನೇಲಿ ರೇಷ್ಮೆ ಹುಳ ನಾಲ್ಕನೇ ಜ್ವರ ಎದ್ದಿದ್ವು. ಆಗ ವಾರದ ಹತ್ರ ಅವು ತಿನ್ನೋದೇ ತಿನ್ನೋದು. ಸೊಪ್ಪು ಹಾಕಿ ಬಾಗಿಲು ಹಾಕಿದ್ರೆ ಒಳಗೆ ಮಳೆ ಬಂದಂಗೆ ಚಿಟಿಚಿಟಿ. ಮಗು ಬಾಗಿಲಿಗೆ ಕಿವಿ ಕೊಟ್ಟು ನಿಂತಿತ್ತು.

ಒಂದು ವಿಷಯ ಅವನೇ ತೋರಿಸಿಕೊಟ್ಟ. ಸಣ್ಣ ಹನಿಗೆ ಪಿಟಿಪಿಟಿ ಅಂದ್ರೆ ಒಪ್ತಾನೆ, ಪಟಪಟ ಅಂದ್ರೆ ತಲೆ ಅಲ್ಲಾಡಿಸ್ತಾನೆ. ಇಕಾರ ಬಂದ್ರೆ ಚಿಕ್ಕದು, ಅಕಾರ ಬಂದ್ರೆ ದೊಡ್ಡದು. ಟಪ್ ಅಂದ್ರೆ ಒಂದು, ಟಪಟಪ ಅಂದ್ರೆ ಬೋ ಜಾಸ್ತಿ. ಕೇಶಿರಾಜ ಹದಿಮೂರನೇ ಶತಮಾನದಲ್ಲೇ ಶಬ್ದಮಣಿದರ್ಪಣದಲ್ಲಿ ಅನುಕರಣ ಪದಗಳ ಮಾತೆತ್ತಿದ್ದಾನೆ. ನಮ್ಮನೆ ಕೇಶಿರಾಜನಿಗೆ ಚಡ್ಡಿ ಗುಂಡಿ ಹಾಕಕ್ಕೂ ಬರಲ್ಲ.

ಕಡೆಗೆ ಉಳಿದಿದ್ದು ಇಷ್ಟು:

ಡಬ ಡಬ ಡಬ್ಬ ಬಾಕ್ಸಿಗೆ
ಟಪ ಟಪ ಟೊಮೇಟೊ ಬಿತ್ತು
ಪಿಟಿ ಪಿಟಿ ಪುಟ್ಟ ಮಳೆಗೆ
ಪಟ ಪಟ ಪರಂಗಿ ಎಲೆ
ಚಿಟಿ ಚಿಟಿ ಚಿಕ್ಕ ಹುಳ
ಚಟ ಚಟ ಸೊಪ್ಪು ತಿಂತು
ಡಂ ಡಂ ಡಂ ತಮಟೆ ಬಂತು
ಟಕ್! ಎಲ್ಲಾ ನಿಂತೋಯ್ತು

ಮಳೆ, ಹುಳದಲ್ಲಿ ಳ ಉಳೀತು, ಪರಂಗೀಲಿ ರ. ಇರ್ಲಿ, ಹುಲ ಅಂದ್ರೂ ಹುಳಾನೇ. ಸದ್ದಿನ ಪದದಲ್ಲಿ ಕಷ್ಟ ಇರಬಾರದು ಅಷ್ಟೆ. ಹೇಳ್ಕೊಡುವಾಗ ಉಳಿದ ಮಾತೆಲ್ಲ ನಂದು, ಸದ್ದು ಮಾತ್ರ ಅವಂದು. ದಿನಕ್ಕೆ ಒಂದೇ ಸದ್ದು. ಚಪ್ಪಾಳೆ ತಟ್ಟಿಸಿದ್ರೆ ಓಟ ಜಾಸ್ತಿಯಾಗಿ ಟಪ, ಡಬ ಎರಡೂ ಒಂದೇ ಆಗೋಗುತ್ತೆ, ಅದಕ್ಕೆ ಕಾಲು ಕುಕ್ಕಿಸಿದೆ. ಅವನು ಮೊದಲು ಕಲಿತಿದ್ದು ಕಡೇ ಸಾಲಿನ "ಟಕ್". ಹೇಳಿ ಕಲ್ಲಿನಂಗೆ ನಿಂತ್ಕೊಳ್ಳೋನು. ಸೊಸೇನೂ ಪಕ್ಕದಲ್ಲಿ ನಿಂತು ತೆಲುಗಲ್ಲೇ ಹೇಳ್ಕೊಟ್ಲು. ಅವಳ ಟಪ ಟಪಕ್ಕೂ ನನ್ನದಕ್ಕೂ ಏನ್ ವ್ಯತ್ಯಾಸ?

ಪದ್ಯಾನ ಚೀಟೀಲಿ ಬರೆದು ಶಾಲೆಗೆ ಕೊಟ್ಟೆ. ಮೇಡಮ್ಮು ಎಲ್ಲಾರ ಕೈಲೂ ಹೇಳಿಸಿದ್ರಂತೆ. ಇವನು ಮೊದಲ ಮೂರು ದಿನ ಸುಮ್ನೆ. ನಾಲ್ಕನೇ ದಿನ ಎಲ್ಲಾರೂ "ಡಂ ಡಂ" ಅಂತಿರುವಾಗ, ಒಬ್ಬನೇ, ಒಂದು ಸಾಲು ಮುಂಚೆ "ಟಕ್!" ಅಂತ ಕಿರುಚಿದ್ನಂತೆ. ಇಡೀ ಕ್ಲಾಸು ನಿಂತೋಯ್ತಂತೆ.

ಸಾಯಂಕಾಲ ಬಂದೋನೇ ಬ್ಯಾಗು ಎಸೆದು ಅಡಿಗೆಮನೆಗೆ ಓಡಿದ. ಏನೇನು ಹೇಳಿದ್ನೋ, ಎಲ್ಲಾ ತೆಲುಗಲ್ಲೇ. ನಡುನಡುವೆ ನನಗೆ ಕೇಳಿಸಿದ್ದು ಟಕ್, ಟಕ್, ಆಮೇಲೆ ಸೊಸೆ ನಗು.