ಯಾವ ಹಾಡು ಬಂದ್ ಮಾಡ್ತೀರಿ?

‘ನಿಮಗೆ ಯಾವ ಸಂಗೀತ ಇಷ್ಟ?’ ಅಂತ ನಮ್ಮ ಆಫೀಸಿನಲ್ಲಿ ಯಾರನ್ನಾದರೂ ಕೇಳಿ. ‘ಹಂಗೇನಿಲ್ರೀ, ಎಲ್ಲಾ ಕೇಳ್ತೀನಿ’ ಅಂತಾರೆ. ಇದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

1960ರ ದಶಕದಲ್ಲಿ ಫ್ರಾನ್ಸಿನ ಪಿಯರ್ ಬೋರ್ದ್ಯೂ ಸಾವಿರದ ಇನ್ನೂರಕ್ಕೂ ಹೆಚ್ಚು ಜನರಿಗೆ ಕೆಲವು ಕೃತಿಗಳ ಹೆಸರು ಕೊಟ್ಟು, ಇಷ್ಟವಾದದ್ದನ್ನು ಆರಿಸಿ ಅಂದರು. ಪ್ರೊಫೆಸರುಗಳು ಬಾಖ್ ಕಡೆ ವಾಲಿದರು, ಕಾರ್ಮಿಕರು ‘ಬ್ಲೂ ಡ್ಯಾನ್ಯೂಬ್’ ಕಡೆ. ಅಭಿರುಚಿ ಅನ್ನೋದು ಮನೆತನ ಮತ್ತು ಓದಿನಿಂದ ಬರೋ ಆಸ್ತಿ ಅಂತ ಅವರ ವಾದ.

ಆದರೆ ಅಮೆರಿಕದ ಬೆಥನಿ ಬ್ರೈಸನ್ ಪ್ರಶ್ನೆಯನ್ನೇ ತಿರುಗಿಸಿದರು. 1993ರ ಸಮೀಕ್ಷೆಯೊಂದರಲ್ಲಿ ಜನ ಇಷ್ಟವಿಲ್ಲ ಅಂದ ಪ್ರಕಾರಗಳನ್ನು ಎಣಿಸಿದರು. ಹೆಚ್ಚು ಓದಿದವರು ಕಡಿಮೆ ಪ್ರಕಾರಗಳನ್ನು ಬೇಡ ಅಂದಿದ್ದರು. ಹಾಗಾದರೆ ಉದಾರಿಗಳೇ? ಅಲ್ಲೇ ಇದೆ ಮಜಾ. ಅವರು ಬೇಡ ಅಂದ ಆ ಕೆಲವೇ ಪ್ರಕಾರಗಳು, ಅತಿ ಕಡಿಮೆ ಓದಿದವರು ಮೆಚ್ಚುವಂಥವು.

ಇದನ್ನು ನಾನು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗೋ ಕಾರಿನಲ್ಲಿ ನೋಡ್ತೀನಿ. ಭೀಮಸೇನ ಜೋಶಿ ನಡೀತದ, ರಹಮಾನ್ ನಡೀತದ, ಕೊರಿಯಾದ ಪಾಪ್ ಕೂಡ. ನಮ್ಮೂರ ಟ್ರ್ಯಾಕ್ಟರಿನ ಡಿಜೆ ಜಾನಪದ ಬಂತೋ, ‘ಏನ್ ಹಚ್ಚಿದಿಯೋ ಮಾರಾಯ, ತೆಗಿ ಅದನ್ನ.’ ನನ್ನ ತಮ್ಮನ ಫೋನ್ ತುಂಬ ಅದೇ ಹಾಡು. ಹಾಗಾಗಿ ಆ ಮಾತು ಬರೀ ಹಾಡಿಗೆ ಅಂದದ್ದು ಅಂತ ನನಗೆ ಅನ್ನಿಸೋದಿಲ್ಲ.

‘ಧಾರವಾಡ ಅಂದ್ರ ಶಾಸ್ತ್ರೀಯ ಸಂಗೀತ’ ಅಂತ ಎದೆಯುಬ್ಬಿಸೋರು ಒಂದು ಸಂಗತಿ ನೆನೆಯಬೇಕು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿ ಎದುರು, ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ ಗಂಗೂಬಾಯಿ ಹಾನಗಲ್ ಒಬ್ಬರು. ಹಾಡಿನ ಚಿಂತೆಗಿಂತ, ಕೆಳಜಾತಿಯವಳು ಅಂತ ಊಟದ ಎಲೆ ಎತ್ತಲು ಹೇಳಿಬಿಟ್ಟಾರು ಅನ್ನೋ ಭಯವೇ ತನಗಿತ್ತು ಅಂತ ಮುಂದೆ ಅವರೇ ಹೇಳಿಕೊಂಡಿದ್ದಾರೆ. ಮಲ್ಲಿಕಾರ್ಜುನ ಮನ್ಸೂರರು ಹುಡುಗರಿದ್ದಾಗ ಹಾಡಿದ್ದು ನಾಟಕ ಕಂಪನಿಯ ರಂಗದ ಮೇಲೆ. ಇಂದು ಮೇಲ್ವರ್ಗದ ಗುರುತಾಗಿರೋ ಈ ಸಂಗೀತವನ್ನು ಹೊತ್ತವರೆಲ್ಲ ಮೇಲಿನವರೇ ಆಗಿರಲಿಲ್ಲ. ಗೌರವ ಯಾವಾಗ, ಯಾರ ಕೈಯಿಂದ ಬಂತು ಅನ್ನೋದೇ ಸಮಾಜಶಾಸ್ತ್ರದ ಪ್ರಶ್ನೆ.

ಬ್ರೈಸನ್ ರೀತಿಯ ಸಮೀಕ್ಷೆಯನ್ನು ಇಲ್ಲಿ ಹಾಗೇ ಇಳಿಸಿದರೆ ಎಡವುತ್ತೇವೆ. ಓದು, ಸಂಬಳ ಕೇಳಿ ಜಾತಿ ಕೇಳದಿದ್ದರೆ ಗಂಗೂಬಾಯಿಯವರ ಆ ಭಯ ಯಾವ ಕಾಲಮಿನಲ್ಲೂ ಕೂರೋದಿಲ್ಲ. ‘ಜಾನಪದ’ ಅಂತ ಒಂದೇ ಖಾನೆ ಇಟ್ಟರೆ ಇನ್ನೊಂದು ಗೊಂದಲ. ಶಿಶುನಾಳ ಶರೀಫರ ಪದ ನಮ್ಮವ್ವ ಭಜನಿಯೊಳಗೆ ಹಾಡ್ತಾಳೆ, ನನ್ನ ಮ್ಯಾನೇಜರ್ ಸಿ. ಅಶ್ವತ್ಥ್ ದನಿಯಲ್ಲಿ ಕೇಳ್ತಾರೆ, ತಮ್ಮ ಡಿಜೆಯಲ್ಲಿ ಕುಣೀತಾನೆ. ಮೂವರೂ ಅದೇ ಖಾನೆಗೆ ಟಿಕ್ ಹಾಕ್ತಾರೆ. ಹಾಗಾಗಿ ಪ್ರಕಾರದ ಹೆಸರಿನ ಬದಲು ಹಾಡನ್ನೇ ಅರ್ಧ ನಿಮಿಷ ಕೇಳಿಸಿ, ‘ಇದು ಯಾರು ಕೇಳೋ ಹಾಡು?’ ಅಂತ ಕೇಳಬೇಕು. ಜನ ತಮ್ಮ ಇಷ್ಟ ಮುಚ್ಚಿಟ್ಟಾರು, ಈ ಪ್ರಶ್ನೆಗೆ ಮಾತ್ರ ತಟ್ಟನೆ ಉತ್ತರ ಕೊಡ್ತಾರೆ.